ಹೋದ ವರ್ಷದ ಪಟ್ಟಿಯಲ್ಲಿ ತೊಂಬತ್ತು ಅಂಕ

ಕೊಳ್ಳೇಗಾಲದ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಗಣಿತ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಬೇಸಿಗೆ ರಜೆ ಎನ್ನುವುದು ಕಾಗದದ ಮೇಲೆ ಮಾತ್ರ ಇತ್ತು. ಸಿಇಟಿ ಬಂದು ಕೆಲವು ವರ್ಷಗಳಾಗಿದ್ದವು. ಪರೀಕ್ಷೆ ಮುಗಿದ ಮಾರನೆಯ ದಿನದಿಂದ ರ‍್ಯಾಂಕ್ ಪ್ರಕಟವಾಗುವ ದಿನದವರೆಗೆ ನನ್ನನ್ನು ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. ತರಕಾರಿ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಯಳಂದೂರಿನ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತಿರುವಾಗಲೂ ಅದೇ. "ಸಾ, ನಮ್ಮುಡುಗುಂಗೆ ನೂರಿಪ್ಪತ್ತು ಬತ್ತದಂತೆ. ಎಷ್ಟ್ನೇ ರ‍್ಯಾಂಕು?" ಊರಿನವರ ಮಾತಿನಲ್ಲಿ ಇದಕ್ಕೆ 'ರ‍್ಯಾಂಕ್ ನೋಡಿಸುವುದು' ಎಂದೇ ಹೆಸರಾಗಿತ್ತು. ಜಾತಕ ನೋಡಿಸುವ ಹಾಗೆ.

ನೋಡಲು ಇದ್ದದ್ದು ಒಂದು ಪಟ್ಟಿ. ಮೈಸೂರಿನ ಯಾವುದೋ ಟ್ಯುಟೋರಿಯಲ್‌ನವರು ಹಿಂದಿನ ವರ್ಷದ ತಮ್ಮ ವಿದ್ಯಾರ್ಥಿಗಳ ನಿಜವಾದ ಅಂಕ ಮತ್ತು ನಿಜವಾದ ರ‍್ಯಾಂಕುಗಳನ್ನು ಒಟ್ಟುಗೂಡಿಸಿ ಮಾಡಿದ್ದು. ಎಡಗಡೆ ಶೇಕಡಾ, ಬಲಗಡೆ ಆ ಶೇಕಡಾ ಪಡೆದವರಿಗೆ ಹಿಂದಿನ ವರ್ಷ ಸಿಕ್ಕಿದ್ದ ರ‍್ಯಾಂಕು. ಒಂದು ಬದಿಯಲ್ಲಿ ಎಂಜಿನಿಯರಿಂಗ್, ಹಿಂಬದಿಯಲ್ಲಿ ಮೆಡಿಕಲ್. ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯವನು ಎಂಜಿನಿಯರಿಂಗ್ ಬದಿಯನ್ನು ದೊಡ್ಡದು ಮಾಡಿಸಿ ಗಾಜಿಗೆ ಅಂಟಿಸಿದ್ದ. ಅವನ ಅಂಗಡಿಯಲ್ಲಿ ಎಸ್‌ಟಿಡಿ ಫೋನೂ ಇತ್ತು. ಹನೂರು, ಅಜ್ಜೀಪುರ, ಧನಗೆರೆ ಎಲ್ಲ ಕಡೆಯವರೂ ಬಸ್ಸಿಗೆ ಕಾಯುವಾಗ ಆ ಗಾಜಿನ ಮುಂದೆ ನಿಲ್ಲುತ್ತಿದ್ದರು. ಓದಲು ಬಾರದವರಿಗೆ ಅವನೇ ಓದಿ ಹೇಳುತ್ತಿದ್ದ. ಬಾಯಿಗೆ ಬಂದಂತೆ ಹೇಳುತ್ತಿರಲಿಲ್ಲ, ಕ್ಯಾಲ್ಕುಲೇಟರ್ ಒತ್ತಿ ಹೇಳುತ್ತಿದ್ದ. ಅದೇ ತೊಂದರೆ. ಕ್ಯಾಲ್ಕುಲೇಟರ್ ಒತ್ತಿ ಹೇಳಿದ್ದನ್ನು ಯಾರೂ ಅನುಮಾನಿಸುವುದಿಲ್ಲ.

ಅವನು ಮಾಡುತ್ತಿದ್ದ ಲೆಕ್ಕ ತಪ್ಪಾಗಿತ್ತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳಿಗೆ ಅರ್ಧ ತೂಕ, ಸಿಇಟಿಯ ಅಂಕಗಳಿಗೆ ಇನ್ನರ್ಧ. ಪಿಯುಸಿಯದು ಮುನ್ನೂರಕ್ಕೆ, ಸಿಇಟಿಯದು ನೂರೆಂಬತ್ತಕ್ಕೆ. ಆದ್ದರಿಂದ ಮೊದಲು ಎರಡನ್ನೂ ಬೇರೆ ಬೇರೆ ಶೇಕಡಾ ಮಾಡಿಕೊಂಡು, ಆಮೇಲೆ ಕೂಡಿ, ಎರಡರಿಂದ ಭಾಗಿಸಬೇಕು. ಇವನು ಎರಡು ಅಂಕಗಳನ್ನೂ ನೇರವಾಗಿ ಕೂಡಿ ನಾನೂರೆಂಬತ್ತಕ್ಕೆ ಶೇಕಡಾ ತೆಗೆಯುತ್ತಿದ್ದ. ಹಾಗೆ ಮಾಡಿದರೆ ಪಿಯುಸಿಯ ಮುನ್ನೂರು ಅರ್ಧಕ್ಕಿಂತ ಹೆಚ್ಚು ತೂಗುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಪಿಯುಸಿಯಲ್ಲಿ ಚೆನ್ನಾಗಿ ಬರುತ್ತಿತ್ತು, ಸಿಇಟಿಯಲ್ಲಿ ಕಡಿಮೆ. ಹೀಗಾಗಿ ಅವನ ಅಂಗಡಿಯಲ್ಲಿ ಎಲ್ಲರಿಗೂ ಒಳ್ಳೆಯ ರ‍್ಯಾಂಕ್ ಸಿಗುತ್ತಿತ್ತು. ಎಲ್ಲರೂ ನಗುತ್ತಾ ಬಸ್ ಹತ್ತುತ್ತಿದ್ದರು.

ಎರಡು ಸಲ ಹೋಗಿ ಹೇಳಿದ್ದೆ. "ಕೂಡಬೇಡಪ್ಪ. ಬೇರೆ ಬೇರೆ ಶೇಕಡಾ ಮಾಡು."

"ಕಡೆಗೆ ಕೂಡದೇ ಅಲ್ವಾ ಸಾ? ಮೊದ್ಲೇ ಕೂಡುದ್ರೆ ಏನಾಯ್ತದ?"

ಏನಾಗುತ್ತದೆ ಎಂದು ಅವನ ಬಿಳಿ ಹಾಳೆಯ ಮೇಲೆಯೇ ಬರೆದು ತೋರಿಸಿದೆ. ತಲೆಯಾಡಿಸಿದ. ನಾನು ಮೆಟ್ಟಿಲು ಇಳಿಯುವುದರೊಳಗೆ ಮುಂದಿನವನ ಅಂಕಗಳನ್ನು ಕೂಡುತ್ತಿದ್ದ.

ಆ ವರ್ಷ ಪಿಯುಸಿ ಫಲಿತಾಂಶ ಬಂದು, ಸಿಇಟಿ ರ‍್ಯಾಂಕ್ ಇನ್ನೂ ಬಂದಿರದ ನಡುವಿನ ದಿನಗಳಲ್ಲಿ ಮಧುವನಹಳ್ಳಿಯ ಒಬ್ಬ ಹಿರಿಯರು ನನ್ನ ಬಾಡಿಗೆ ಮನೆಗೆ ಬಂದರು. ಜಮೀನುದಾರರು, ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳು ಸಾಕುವವರು. ಅವರ ಮಗಳು ನನ್ನ ವಿದ್ಯಾರ್ಥಿನಿ. ಮುಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ ಹುಡುಗಿ. ಕೈ ಎತ್ತುತ್ತಿರಲಿಲ್ಲ, ಆದರೆ ನಾನು ಹಲಗೆಯ ಮೇಲೆ ತಪ್ಪು ಬರೆದಾಗ ಅವಳ ಪೆನ್ನು ನಿಲ್ಲುತ್ತಿತ್ತು. ಅವಳ ಪೆನ್ನು ನಿಂತದ್ದು ಕಂಡು ನಾನು ಎಷ್ಟೋ ಸಲ ತಿರುಗಿ ನೋಡಿ ತಿದ್ದಿಕೊಂಡಿದ್ದೇನೆ.

ಹಿರಿಯರು ಚಪ್ಪಲಿ ಬಿಟ್ಟು, ಒಳಗೆ ಬಂದು, ಕುರ್ಚಿಯ ಅಂಚಿನಲ್ಲಿ ಕೂತರು. ಅಂಕಪಟ್ಟಿಯ ಜೆರಾಕ್ಸ್ ಮುಂದಿಟ್ಟರು. ಮೂರು ವಿಷಯಕ್ಕೆ ಇನ್ನೂರ ಐವತ್ತೆಂಟು.

"ಸಿಇಟಿನಾಗ ತೊಂಬತ್ತು ಬತ್ತದಂತೆ ಸಾ. ಜೆರಾಕ್ಸ್ ಅಂಗ್ಡಿಯಂವ ಎಂಟೂವರೆ ಸಾವ್ರದೊಳಗ ಬತ್ತದ ಅಂದ. ನೀವೂ ಒಂದ್ಕಿತ ನೋಡ್ಬುಡಿ. ನಿಮ್ ಬಾಯಲ್ಲಿ ಬಂದ್ರೆ ನಂಗೆ ಧೈರ್ಯ."

ಅವರಿಗೆ ಆ ಧೈರ್ಯ ಏಕೆ ಬೇಕಿತ್ತು ಎಂದರೆ, ಮಗಳಿಗೆ ಮೈಸೂರಿನಲ್ಲಿ ಟಿಸಿಎಚ್ ಸೀಟು ಸಿಕ್ಕಿತ್ತು. ಎರಡು ವರ್ಷ ಓದಿದರೆ ಪ್ರೈಮರಿ ಶಾಲೆಯ ಮೇಡಂ ಆಗಬಹುದು. ಸೋಮವಾರ ಸೇರಲು ಕಡೆಯ ದಿನ. ಸೇರಿದರೆ ಅಸಲು ಅಂಕಪಟ್ಟಿಯನ್ನು ಅಲ್ಲಿ ಒಪ್ಪಿಸಿಬಿಡಬೇಕು. ಎಂಜಿನಿಯರಿಂಗ್ ಸೀಟು ಹಂಚುವಾಗ ಬೆಂಗಳೂರಿನಲ್ಲಿ ಅದೇ ಅಸಲು ಅಂಕಪಟ್ಟಿ ತೋರಿಸಬೇಕು. ಅಂದರೆ ಸೋಮವಾರ ಒಂದನ್ನು ಹಿಡಿದರೆ ಇನ್ನೊಂದು ಕೈಬಿಟ್ಟ ಹಾಗೆ. ಹಿಂದಿನ ವರ್ಷ ಯಳಂದೂರಿನ ಅವರ ನೆಂಟರ ಹುಡುಗನಿಗೆ ಸುಮಾರು ಹತ್ತು ಸಾವಿರದ ರ‍್ಯಾಂಕಿಗೆ ಫ್ರೀ ಸೀಟು ಸಿಕ್ಕಿತ್ತು. ಹಾಗಾಗಿ ಹಿರಿಯರು ಮನಸ್ಸಿನಲ್ಲಿ ಒಂದು ಗೆರೆ ಎಳೆದಿದ್ದರು. ಹತ್ತು ಸಾವಿರದೊಳಗೆ ಬರುವಂತಿದ್ದರೆ ಕಾಯುವುದು, ಇಲ್ಲವಾದರೆ ಸೋಮವಾರ ಟಿಸಿಎಚ್.

ನಾನು ಜೆರಾಕ್ಸ್ ಅಂಗಡಿಯವನನ್ನು ಮನಸ್ಸಿನಲ್ಲಿ ಬೈದುಕೊಂಡು ಲೆಕ್ಕ ಮಾಡಿದೆ. ಇನ್ನೂರ ಐವತ್ತೆಂಟಕ್ಕೆ ತೊಂಬತ್ತು ಕೂಡಿ ನಾನೂರೆಂಬತ್ತರಿಂದ ಭಾಗಿಸಿದರೆ ಎಪ್ಪತ್ತೆರಡೂವರೆ ಶೇಕಡಾ. ಪಟ್ಟಿಯಲ್ಲಿ ಎಪ್ಪತ್ತೆರಡಕ್ಕೂ ಎಪ್ಪತ್ಮೂರಕ್ಕೂ ನಡುವೆ ಎಂಟು ಸಾವಿರದ ಚಿಲ್ಲರೆ. ಅವನು ಹೇಳಿದ್ದು ಅದನ್ನೇ. ಸರಿಯಾದ ಕ್ರಮದಲ್ಲಿ ಪಿಯುಸಿ ಎಂಬತ್ತಾರು ಶೇಕಡಾ, ಸಿಇಟಿ ಐವತ್ತು ಶೇಕಡಾ, ಕೂಡಿ ಅರ್ಧ ಮಾಡಿದರೆ ಅರವತ್ತೆಂಟು. ಅರವತ್ತೆಂಟರ ಎದುರಿಗೆ ಹದಿನಾಲ್ಕು ಸಾವಿರದ ಮುನ್ನೂರು. ಅದೂ ಹಿಂದಿನ ವರ್ಷದ್ದು. ಈ ವರ್ಷ ಗಣಿತದ ಪ್ರಶ್ನೆಪತ್ರಿಕೆ ಸುಲಭವಿತ್ತು ಎಂದು ಎಲ್ಲ ಮಕ್ಕಳೂ ಹೇಳುತ್ತಿದ್ದರು. ಪತ್ರಿಕೆ ಸುಲಭವಾದರೆ ಅಂಕ ಎಲ್ಲರಿಗೂ ಏರುತ್ತದೆ. ಅಷ್ಟೇ ಅಂಕಕ್ಕೆ ಹಿಂದಿನ ವರ್ಷದ ರ‍್ಯಾಂಕ್ ಸಿಗುವುದಿಲ್ಲ, ಹಿಂದಕ್ಕೆ ಹೋಗುತ್ತದೆ. ಅದಕ್ಕಾಗಿ ನಾನು ಪಟ್ಟಿಯಲ್ಲಿ ಎರಡು ಸಾಲು, ಅಂದರೆ ಎರಡು ಶೇಕಡಾ, ಕೆಳಗಿನವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೆ. ಇದನ್ನೆಲ್ಲ ಒಂದೊಂದಾಗಿ ವಿವರಿಸಿ, ಹದಿನಾಲ್ಕರಿಂದ ಹದಿನೇಳು ಸಾವಿರದ ನಡುವೆ ಬರಬಹುದು ಎಂದೆ.

ಅವರು ಅಂಕಪಟ್ಟಿಯ ಜೆರಾಕ್ಸನ್ನು ಮಡಿಸಿ ಜೇಬಿಗಿಟ್ಟರು. "ಅಂಗಾರೆ ಟಿಸಿಎಚ್ಚೇ ಸರಿ ಬುಡಿ" ಎಂದರು. ಕೋಪವಿಲ್ಲ, ದುಃಖವೂ ಕಾಣಲಿಲ್ಲ.

ನನಗೆ ತೊಂಬತ್ತು ಎನ್ನುವುದು ಗಂಟಲಿಗಿಳಿಯಲಿಲ್ಲ. "ಸರಿಯುತ್ತರದ ಕೀ ಇಟ್ಕೊಂಡು ನೋಡಿದಾಳಾ? ಅವಳೇ ಹೇಳಿದ್ದಾ ತೊಂಬತ್ತು ಅಂತ?"

"ನೋಡವಳ ಸಾ. ಅವ್ರಣ್ಣನೇ ಯೋಳ್ದ ನಂಗೆ."

"ಅವಳನ್ನೇ ಒಂದು ಸಲ ಕಳಿಸಿ."

"ಈಗ ಎಲ್ಲಿ ಸಾ! ಹುಳ ಅಣ್ಣಾಗವ. ಒಂದಾಳೂ ಮನ ಬುಟ್ಟು ಬರಂಗಿಲ್ಲ. ನಾನೇ ಕದ್ದು ಬಂದಿವ್ನಿ." ಎದ್ದು ಹೊರಟೇಬಿಟ್ಟರು.

ಅವರು ಹೋದ ಮೇಲೆ ನಾನು ಲೆಕ್ಕ ಮಾಡಿದ್ದ ಹಾಳೆಯನ್ನು ಮತ್ತೆ ನೋಡಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಎಂಬತ್ತಾರು ಶೇಕಡಾ ಎನ್ನುವುದೂ ಐವತ್ತು ಶೇಕಡಾ ಎನ್ನುವುದೂ ಒಬ್ಬಳೇ ಹುಡುಗಿಯದೆಂದು ನಂಬಲಾಗಲಿಲ್ಲ. ಸುಲಭದ ಗಣಿತ ಪತ್ರಿಕೆಯೊಂದರಲ್ಲೇ ಅವಳು ಅರವತ್ತಕ್ಕೆ ನಲವತ್ತೈದು ತೆಗೆಯುವವಳು. ಮಧ್ಯಾಹ್ನ ಊಟ ಮಾಡಿ ಮಧುವನಹಳ್ಳಿಗೆಂದು ಹನೂರು ಬಸ್ ಹತ್ತಿದೆ.

ಹುಳುವಿನ ಮನೆ ತೋಟದ ಪಕ್ಕದಲ್ಲಿತ್ತು. ಹುಳು ಹಣ್ಣಾಗುವುದೆಂದರೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ಮೈ ಹೊಳಪಾಗಿ, ನೂಲು ಬಿಡಲು ಜಾಗ ಹುಡುಕುವುದು. ಆಗ ತಡ ಮಾಡುವಂತಿಲ್ಲ. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ತಟ್ಟಿಗಳಾದ ಚಂದ್ರಿಕೆಗಳ ಮೇಲೆ ಬಿಡಬೇಕು. ಮನೆಯವರೆಲ್ಲ ಅದನ್ನೇ ಮಾಡುತ್ತಿದ್ದರು. ಹಿರಿಯರು, ಅವರ ತಾಯಿ, ಮಗ, ಮಗಳು. ಹುಳುವಿಗೆ ರೋಗ ತಗಲೀತೆಂದು ಹೊರಗಿನವರು ಒಳಗೆ ಹೋಗುವಂತಿಲ್ಲ. ನಾನು ಹೊಸಿಲ ಆಚೆ ನಿಂತೆ.

ಹುಡುಗಿ ತಲೆ ಎತ್ತಿ ನೋಡಿ ಮತ್ತೆ ಬಗ್ಗಿದಳು. ಕಣ್ಣು ಊದಿತ್ತು.

"ಎಷ್ಟಮ್ಮ ಬರತ್ತೆ ನಿನಗೆ ಸಿಇಟಿಯಲ್ಲಿ?" ಎಂದೆ.

"ಬಂದದ್ದು ಬರ್ಲಿ ಬುಡಿ ಸಾ. ಅಪ್ಪಾಜಿ ಯೋಳುದ್ರು, ನೀವೇ ನೋಡಿ ಹದಿನೇಳು ಸಾವ್ರ ಅಂದ್ರಂತಲ್ಲ."

"ಹದಿನಾಲ್ಕರಿಂದ ಹದಿನೇಳು ಅಂದೆ. ಅದು ಬೇರೆ. ನಿನ್ನ ಅಂಕ ಎಷ್ಟು?"

"ನೂರಹನ್ನೆರಡು."

ನನಗೆ ಕೇಳಿಸಿದ್ದು ಸರಿಯೇ ಎಂದು ನಾನು ಇನ್ನೊಮ್ಮೆ ಕೇಳಿದೆ. ನೂರಹನ್ನೆರಡೇ.

"ಮತ್ತೆ ತೊಂಬತ್ತು ಅಂತ ಹೇಳಿದ್ದು ಯಾರು?"

ಹುಡುಗಿ ಅಣ್ಣನ ಕಡೆ ನೋಡಿದಳು. ಅಣ್ಣ ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು, "ನಾ ತೊಂಬತ್ತು ಅನ್ನಿಲ್ಲ. ನಾ ನೂರೈದು ಅಂದಿ" ಎಂದ.

"ಅವಳು ನೂರಹನ್ನೆರಡು ಅಂದರೆ ನೀನು ನೂರೈದು ಯಾಕಪ್ಪ ಅಂದೆ?"

"ಒಂದೇಳು ಕಮ್ಮಿ ಇರ್ಲಿ ಅಂತ ಸಾ. ಆಮ್ಯಾಕೆ ಕಮ್ಮಿ ಬಂದ್ರೆ ಅಪ್ಪಾಜಿ ಬಯ್ಯಲ್ವಾ?"

ಎಲ್ಲರೂ ಹಿರಿಯರನ್ನು ನೋಡಿದರು. ಅವರು ಬಗ್ಗಿ ಹುಳು ಆರಿಸುತ್ತಲೇ ಇದ್ದರು. ಅವರ ತಾಯಿ ಉತ್ತರ ಕೊಟ್ಟರು.

"ಬಾಯ್ತುಂಬಾ ಯೋಳ್ಬುಟ್ರೆ ಆಯ್ತದಾ ಮೇಷ್ಟ್ರೇ? ಈ ಹುಳ ನೋಡಿ. ಎಷ್ಟು ಗೂಡು ಬತ್ತದ ಅಂತ ಯಾರಾರ ಕೇಳುದ್ರೆ ಎಪ್ಪತ್ತು ಕೇಜಿ ಬರದ್ನ ಐವತ್ತು ಅಂತೀವಿ. ಎಪ್ಪತ್ತು ಅಂದ್ರೆ ಕಣ್ಣು ಬೀಳ್ತದ. ಕೂಸಿನ ಮಾರ್ಕು ಬ್ಯಾರೆನಾ?"

ಹಿರಿಯರನ್ನೇ ಕೇಳಿದೆ. "ನೀವು ನೂರೈದನ್ನ ತೊಂಬತ್ತು ಮಾಡಿದಿರಾ?"

ಅವರು ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದರು. "ಎಲ್ರೂ ಕಮ್ಮಿನೇ ಅಲ್ವಾ ಸಾ ಯೋಳದು? ಆ ಪಟ್ಟಿ ಮಾಡ್ದನ್ಗೂ ಓದೊರ್ಷದ ಮಕ್ಳು ಕಮ್ಮಿನೇ ಯೋಳಿರ್ತವ. ಅವ್ರು ಕಮ್ಮಿ ಯೋಳಿರೋ ಪಟ್ಟಿಗೆ ನಾನು ಪೂರ್ತಿ ಯೋಳುದ್ರೆ ಲೆಕ್ಕ ತಪ್ಪಲ್ವಾ?"

ಅವರ ಮಾತಿನಲ್ಲಿ ಒಂದು ಲೆಕ್ಕವಿತ್ತು. ಆ ಪಟ್ಟಿಯನ್ನು ಮಕ್ಕಳ ನಿರೀಕ್ಷೆಯಿಂದ ಮಾಡಿದ್ದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅದನ್ನು ಮಾಡಿದ್ದು ರ‍್ಯಾಂಕ್ ಬಂದ ಮೇಲೆ, ಅಚ್ಚಾಗಿ ಬಂದ ಅಂಕಗಳಿಂದ. ಅವನ್ನು ಯಾರೂ ಕಡಿಮೆ ಹೇಳಲು ಬರುವುದಿಲ್ಲ. ಇದನ್ನು ಹೊಸಿಲ ಆಚೆಯಿಂದ ನಾನು ಕೂಗಿ ಹೇಳಬೇಕಾಯಿತು, ಏಕೆಂದರೆ ಅಜ್ಜಿ ಮಧ್ಯೆ ಮಧ್ಯೆ "ಅಣ್ಣಾದ್ವ ಬುಟ್ಟು ಅಸೀವ ಆರ್ಸ್ತಾನ ನೋಡು" ಎಂದು ಮೊಮ್ಮಗನಿಗೆ ಬಯ್ಯುತ್ತಿದ್ದರು.

ಆಮೇಲೆ ವಾಪಸ್ ಬರುವ ಬಸ್ಸಿನಲ್ಲಿ ಯೋಚಿಸಿದಾಗ ನನಗೆ ಇನ್ನೊಂದು ವಿಷಯ ತಿಳಿಯಿತು. ಆ ಊರಿನಲ್ಲಿ ಯಾರಾದರೂ ಐವತ್ತು ಕೇಜಿ ಗೂಡು ಬರುತ್ತದೆ ಎಂದರೆ ಕೇಳಿದವನು ಮನಸ್ಸಿನಲ್ಲೇ ಎಪ್ಪತ್ತು ಎಂದುಕೊಳ್ಳುತ್ತಾನೆ. ಹೇಳಿದವನು ಕಳೆದದ್ದನ್ನು ಕೇಳಿದವನು ಕೂಡಿಕೊಳ್ಳುತ್ತಾನೆ. ಯಾರಿಗೂ ಮೋಸವಿಲ್ಲ. ಪಟ್ಟಿಗೆ ಮಾತ್ರ ಕೂಡಿಕೊಳ್ಳಲು ಬರುವುದಿಲ್ಲ. ನನಗೂ ಬಂದಿರಲಿಲ್ಲ.

ಆಗ ಮಾತ್ರ ಹೊಸಿಲಲ್ಲೇ ನಿಂತು ಹುಡುಗಿಯನ್ನು ಕೇಳಿದೆ. "ನೂರಹನ್ನೆರಡು ಅಂದೆಯಲ್ಲ, ಕೀ ನೋಡಿದಾಗ ಎಷ್ಟು ಬಂತು?"

ಅವಳು ಹುಳು ಆರಿಸುತ್ತಲೇ, "ನೂರ ಹದಿನೇಳು" ಎಂದಳು.

"ನೀನೂ ಐದು ಕಳೆದೆಯಾ!"

"ಕೆಲವು ಯಾವುದಕ್ ಗೆರೆ ಹೊಡ್ದೆ ಅಂತ ಗ್ಯಾಪ್ಕ ಇಲ್ಲ ಸಾ. ಅದ್ಕೆ."

ಅದಾದರೂ ಕಳೆಯಲು ಒಂದು ಕಾರಣವಾಗಿತ್ತು. ಜೇಬಿನಿಂದ ಪಟ್ಟಿ ತೆಗೆದು, ಗೋಡೆಗೆ ಒತ್ತಿ ಹಿಡಿದು, ಲೆಕ್ಕ ಮಾಡಿದೆ. ನೂರ ಹದಿನೇಳು ಎಂದರೆ ಅರವತ್ತೈದು ಶೇಕಡಾ. ಎಂಬತ್ತಾರರೊಂದಿಗೆ ಕೂಡಿ ಅರ್ಧ ಮಾಡಿದರೆ ಎಪ್ಪತ್ತೈದೂವರೆ. ಎಪ್ಪತ್ತೈದರ ಎದುರಿಗೆ ಐದು ಸಾವಿರದ ಒಂಬೈನೂರು, ಎಪ್ಪತ್ತಾರರ ಎದುರಿಗೆ ಐದು ಸಾವಿರದ ನೂರು. ನಡುವೆ ಐದೂವರೆ ಸಾವಿರ. ಸುಲಭ ಪತ್ರಿಕೆಗೆ ಎರಡು ಸಾಲು ಕೆಳಗಿಳಿದರೆ ಏಳು ಸಾವಿರದ ಮುನ್ನೂರರ ಸುಮಾರು. ತೊಂಬತ್ತಕ್ಕೂ ನೂರ ಹದಿನೇಳಕ್ಕೂ ನಡುವಿನ ಅಂತರ ಅವರಿಗೆ ಇಪ್ಪತ್ತೇಳು ಅಂಕ ಮಾತ್ರ. ಪಟ್ಟಿಯ ಆ ಭಾಗದಲ್ಲಿ ಜನ ಕಿಕ್ಕಿರಿದಿದ್ದರು. ಮೇಲಿನ ತುದಿಯಲ್ಲಿ ಒಂದು ಶೇಕಡಾ ಇಳಿದರೆ ಕೆಲವೇ ಮಂದಿ ಮುಂದೆ ಹೋಗುತ್ತಾರೆ. ಇಲ್ಲಿ ಒಂದು ಶೇಕಡಾ ಇಳಿದರೆ ಸಾವಿರ ಮಂದಿ.

"ಐದೂವರೆಯಿಂದ ಏಳೂವರೆ ಸಾವಿರದ ನಡುವೆ" ಎಂದೆ. "ನಿಮ್ಮ ಹತ್ತು ಸಾವಿರದ ಒಳಗೇ ಇದೆ. ಸೋಮವಾರ ಅಂಕಪಟ್ಟಿ ಒಪ್ಪಿಸಬೇಡಿ."

ಹಿರಿಯರು ಯೋಚಿಸಿದರು. "ಏಳೂವರೆ ಅಂದ್ರಾ? ಸರಿ ಸಾ. ನಾವು ಒಂದ್ ಅನ್ನೊಂದು ಅಂತ ಇಟ್ಗಳವಾ."

"ಯಾಕೆ ಹನ್ನೊಂದು?"

"ನೀವು ಏಳೂವರೆ ಅಂದದ್ಕೇ ಪೂರ್ತಿ ಏಳೂವರೆ ಅನ್ಕಂಡ್ರೆ ಎಂಗೆ ಸಾ? ಒಸಿ ಇಂದ್ಕೇ ಇಟ್ಗಬೇಕಲ್ವಾ?"

ನಾನು ಮೇಷ್ಟರಾದ ಮೇಲೆ ಒಬ್ಬ ಹಿರಿಯರ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. "ಹಿಂದಕ್ಕೆ ಇಟ್ಟೇ ಹೇಳಿದೀನಿ! ಎರಡು ಸಾಲು ಇಳಿಸಿಯೇ ಏಳೂವರೆ! ಅದನ್ನೂ ಇಳಿಸಿದರೆ ಹತ್ತು ದಾಟುತ್ತೆ, ಹತ್ತು ದಾಟಿದರೆ ಟಿಸಿಎಚ್ ಅಂತೀರಿ!"

"ಅದ್ಕೇ ಅಲ್ವಾ ಸಾ ನಂಗೂ ಭಯ" ಎಂದರು ಅವರು ಸಮಾಧಾನವಾಗಿ. "ಎಲ್ಡೂ ಕೈತಪ್ಪುದ್ರೆ ಕೂಸು ಮನೇಲಿ ಕೂತ್ಕತದ. ಟಿಸಿಎಚ್ಚು ಕೈಲಿರದು. ಇದು ಗಾಳೀಲಿರದು."

ನನ್ನ ಪಟ್ಟಿಯೂ ಗಾಳಿಯಲ್ಲಿರುವುದನ್ನೇ ಅಳೆಯುವುದು. ನಾನು ಹೇಳಿದ್ದು ತಪ್ಪಿದರೆ ವರ್ಷ ಹೋಗುವುದು ಆ ಹುಡುಗಿಯದು.

ಹುಡುಗಿ ಆಗ ತಲೆ ಎತ್ತದೆಯೇ ಮಾತಾಡಿದಳು. "ಅಪ್ಪಾಜಿ, ಹುಳ ಚಂದ್ರಿಕೆ ಮ್ಯಾಲ ಇದ್ದಂಗೇ ಯಾರಾರ ಬಂದು ನಂಗೆ ಕೊಟ್ಬುಡು ಅಂದ್ರೆ ಕೊಟ್ಟೀಯಾ?"

"ಎಲ್ಲಾರ ಉಂಟಾ? ಗೂಡು ಬುಡ್ಸಿ ತೂಕ ಮಾಡ್ದೆ ಎಂಗ ಕೊಡದು?"

"ನನ್ನ ಮಾತ್ರ ಸೋಮವಾರವೇ ಕೊಟ್ಬುಡ್ತೀಯ."

ಅಜ್ಜಿ "ಬಾಯಿ ನೋಡು ಇದ್ರುದು" ಎಂದರು. ಅಣ್ಣ ನಗು ತಡೆಯಲು ಬೆನ್ನು ತಿರುಗಿಸಿದ. ಹಿರಿಯರು ಒಂದು ಹುಳುವನ್ನು ಬೆರಳ ತುದಿಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಹಣ್ಣಾಗಿದೆಯೋ ಇಲ್ಲವೋ ಎಂದು ಬಹಳ ಹೊತ್ತು ನೋಡಿದರು. ನಾನು ಬಸ್ಸಿಗೆ ಹೊರಟೆ.

ಸೋಮವಾರ ಸಂಜೆ ಬಸ್ ನಿಲ್ದಾಣದಲ್ಲಿ ಹುಡುಗಿಯ ಅಣ್ಣ ಸಿಕ್ಕಿದ. ನಾನು ಕೇಳುವ ಮೊದಲೇ ಹೇಳಿದ. "ಅಪ್ಪಾಜಿ ಮೈಸೂರ್ಗೆ ಓಗ್ನಿಲ್ಲ ಸಾ. ಬೆಳಗ್ಗೆಯಿಂದ ತಲನೋವು ಅಂತ ಮನಿಕ್ಕಂಡದ."

"ಈಗ ಹೇಗಿದೆ ತಲೆನೋವು?"

"ಕಡೇ ಬಸ್ ಓಯ್ತಲ್ಲ ಸಾ, ಎದ್ದು ಕಾಪಿ ಕುಡೀತು."

ಹೀಗೆ ಟಿಸಿಎಚ್ ಕೈಬಿಟ್ಟಿತು. ಕೈಬಿಟ್ಟೆ ಎಂದು ಯಾರೂ ಹೇಳಲಿಲ್ಲ. ಆದರೆ ರ‍್ಯಾಂಕ್ ಬರುವವರೆಗೂ ಪಟ್ಟಿ ನನ್ನ ಜೇಬಿನಲ್ಲೇ ಇತ್ತು. ದಿನವೂ ಯಾರಾದರೊಬ್ಬರು ಹೇಳುತ್ತಿದ್ದರು, ಈ ಸಲ ಪತ್ರಿಕೆ ತುಂಬಾ ಸುಲಭವಂತೆ, ಮೈಸೂರಿನ ಮಕ್ಕಳಿಗೆಲ್ಲ ನೂರೈವತ್ತಂತೆ. ನಾನು ಪಟ್ಟಿ ತೆಗೆದು ಎರಡು ಸಾಲು ಸಾಕೋ ಮೂರು ಬೇಕೋ ಎಂದು ನೋಡುತ್ತಿದ್ದೆ. ಎಷ್ಟು ಸಾಲು ಇಳಿದರೆ ಹತ್ತು ಸಾವಿರ ದಾಟುತ್ತದೆ ಎಂದು ನೋಡುತ್ತಿದ್ದೆ. ಐದು ಸಾಲು. ಐದು ಸಾಲು ಇಳಿಯುವಷ್ಟು ಸುಲಭವಿರಲಾರದು ಎಂದುಕೊಳ್ಳುತ್ತಿದ್ದೆ. ಆಮೇಲೆ, ಏಕಿರಬಾರದು ಎಂದೂ ಅನ್ನಿಸುತ್ತಿತ್ತು. ಪಟ್ಟಿ ಹೇಳುವುದು ಹೋದ ವರ್ಷದ ಜನರ ಬಗ್ಗೆ. ಈ ವರ್ಷದ ಜನ ಯಾರೆಂದು ಅದಕ್ಕೆ ಗೊತ್ತಿಲ್ಲ. ಇಷ್ಟು ಸರಳವಾದ ಮಾತನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ.

ರ‍್ಯಾಂಕ್ ಪ್ರಕಟವಾದ ದಿನ ಅಣ್ಣ ನೋಡಿಕೊಂಡು ಬರಲು ಮೈಸೂರಿಗೆ ಹೋದ. ಜೆರಾಕ್ಸ್ ಅಂಗಡಿಗೆ ಫೋನ್ ಮಾಡುವುದೆಂದು ಮಾತಾಗಿತ್ತು. ಹಿರಿಯರೂ ಮಗಳೂ ಬೆಳಗ್ಗೆಯೇ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ನಾನೂ ಹೋದೆ. ಬಸ್ಸಿಗೆ ಕಾಯುತ್ತಿದ್ದ ಇತರರೂ, ವಿಷಯ ತಿಳಿದು, ಸುತ್ತ ನಿಂತರು. ಫೋನ್ ಬಂತು. ಹಿರಿಯರು ಎದ್ದು ತೆಗೆದುಕೊಂಡರು.

"ಊಂ… ಊಂ… ಅಂಗಾ… ಊಂ." ರಿಸೀವರ್ ಎದೆಗೆ ಒತ್ತಿ ಹಿಡಿದು ನನಗೆ ಹೇಳಿದರು. "ಅತ್ತು ಸಾವ್ರದ ಅಕ್ಕಪಕ್ಕ ಅಂತಾನ ಸಾ."

ಅಕ್ಕಪಕ್ಕ! ಹುಡುಗಿ ಕಟ್ಟೆಯಿಂದ ಎದ್ದು ಹತ್ತಿರ ಬಂದಳು. ಯಾವ ಪಕ್ಕ ಎನ್ನುವುದರಲ್ಲೇ ಎಲ್ಲವೂ ಇತ್ತು. ನಾನು ರಿಸೀವರ್ ಕಿತ್ತುಕೊಂಡೆ.

"ಅಲ್ಲಿ ಅಚ್ಚಾಗಿರೋ ಸಂಖ್ಯೆ ಎಷ್ಟಪ್ಪ?"

"ಅಂಗಡೀಲಿ ಜನ ಅವ್ರಾ ಸಾ?"

"ಇದ್ದಾರೆ. ಇರಲಿ. ಸಂಖ್ಯೆ ಹೇಳು."

"ಜೋರಾಗಿ ಯೋಳ್ಬ್ಯಾಡಿ ಸಾ ಮತ್ತೆ. ಎಂಟ್ಸಾವ್ರದ ಆರ್ನೂರು ಚಿಲ್ರೆ."

"ಚಿಲ್ಲರೆ ಎಷ್ಟು?"

"ಹನ್ನೆರಡು ಸಾ. ಸಿಇಟಿ ಮಾರ್ಕು ನೂರಹದಿನೆಂಟು."

ನಾನು ಹುಡುಗಿಗೆ ಸಂಖ್ಯೆಯನ್ನು ಪೂರ್ತಿಯಾಗಿ, ಒಂದೂ ಕಡಿಮೆಯಿಲ್ಲದೆ, ಹೆಚ್ಚೂ ಇಲ್ಲದೆ ಹೇಳಿದೆ. ಅವಳು ತಲೆ ತಗ್ಗಿಸಿ ನಕ್ಕಳು. ಹಿರಿಯರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅಂಕ ನಾನು ಲೆಕ್ಕ ಹಿಡಿದದ್ದಕ್ಕಿಂತ ಒಂದು ಹೆಚ್ಚೇ ಬಂದಿತ್ತು. ಆದರೂ ರ‍್ಯಾಂಕು ನಾನು ಹೇಳಿದ ಏಳೂವರೆಯನ್ನು ಸಾವಿರದಷ್ಟು ದಾಟಿತ್ತು. ಪತ್ರಿಕೆ ಎರಡು ಸಾಲಿಗಲ್ಲ, ಮೂರೂವರೆ ಸಾಲಿಗೆ ಸುಲಭವಾಗಿತ್ತು. ಹತ್ತರ ಗೆರೆಗೆ ಇನ್ನೆಷ್ಟು ದೂರವಿತ್ತು ಎಂದು ಲೆಕ್ಕ ಹಾಕಿ ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತೆ.

ಜೆರಾಕ್ಸ್ ಅಂಗಡಿಯವನು ಕ್ಯಾಲ್ಕುಲೇಟರ್ ಒರೆಸಿ ಪಕ್ಕಕ್ಕಿಟ್ಟ. "ನಾನು ಅವತ್ತೇ ಎಂಟೂವರೆ ಅಂದಿರ್ನಿಲ್ವಾ ಸಾ? ನೀವು ಸುಮ್ನೆ ಮಧುವನಳ್ಳಿಗಂಟ ಅಲೆದ್ರಿ."

ಅವನು ಹಾಕಿದ್ದು ತಪ್ಪು ಅಂಕ, ಮಾಡಿದ್ದು ತಪ್ಪು ಲೆಕ್ಕ, ನೋಡಿದ್ದು ಈ ವರ್ಷಕ್ಕೆ ಹೊಂದದ ಪಟ್ಟಿ. ಮೂರು ತಪ್ಪುಗಳು ಒಂದನ್ನೊಂದು ತಿಂದುಕೊಂಡು ಉಳಿದದ್ದು ಸರಿಯಾದ ಉತ್ತರ. ಇದನ್ನು ಅವನಿಗೆ ವಿವರಿಸಬೇಕೆಂದು ನಾನು ಹಾಳೆ ಕೇಳಿದೆ. ಅಷ್ಟರಲ್ಲಿ ಅಜ್ಜೀಪುರದ ಒಬ್ಬರು ಮುಂದೆ ಬಂದು, "ಇವ್ರು ಯೋಳುದ್ರೆ ಕರೆಕ್ಟಾಗಿ ಬತ್ತದಂತಲ್ಲ, ಬರೋ ವರ್ಷ ನಮ್ಮುಡ್ಗುಂಗೂ ನೋಡಿ" ಎಂದರು. ಅವನು "ಬನ್ನಿ ಬನ್ನಿ" ಎಂದ. ನಾನು ಹಾಳೆಯನ್ನು ವಾಪಸ್ ಇಟ್ಟೆ.

ಸೀಟು ಹಂಚುವ ದಿನ ಬೆಳಗಿನ ಬಸ್ಸಿಗೆ ತಂದೆ ಮಗಳು ಬೆಂಗಳೂರಿಗೆ ಹೊರಟಾಗ ನಾನು ನಿಲ್ದಾಣದಲ್ಲಿದ್ದೆ. ಅಸಲು ಅಂಕಪಟ್ಟಿಯನ್ನು ಹುಡುಗಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೆ ಅಪ್ಪಿಕೊಂಡಿದ್ದಳು. ಅವರ ಊರಿನವರೇ ಒಬ್ಬರು, ಗೂಡಿನ ಚೀಲಗಳನ್ನು ಮಾರುಕಟ್ಟೆಗೆ ತಂದವರು, ಹತ್ತಿರ ಬಂದು ಕೇಳಿದರು.

"ಎಷ್ಟ್ಲಾ ಬಂದದ ಕೂಸಿನ ರ‍್ಯಾಂಕು?"

"ಎಲ್ಲೋ ಒಂದು ಅನ್ನೆಲ್ಡು ಸಾವ್ರ ಕಣ್ಲಾ" ಎಂದರು ಹಿರಿಯರು ನಿರಾಸಕ್ತಿಯಿಂದ. "ಸಿಕ್ರೆ ಸಿಕ್ತು."

ನಾನು ಹುಡುಗಿಯ ಮುಖ ನೋಡಿದೆ. ಅವಳು ಬಸ್ಸಿನ ಬೋರ್ಡು ಓದುತ್ತಿದ್ದಳು.

ಊರಿನವರು ಅವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಇಸ್ತ್ರಿ ಹಾಕಿದ ಅಂಗಿ, ಹೊಸ ಟವೆಲ್ಲು, ಕೈಯಲ್ಲಿ ಬುತ್ತಿ.

"ಅಂಗಾರೆ ಒಂಬತ್ತರೊಳಗೇ ಅದ" ಎಂದು ಹೇಳಿ, ಚೀಲ ಹೊತ್ತುಕೊಂಡು ಹೊರಟರು.